ಅಕ್ಕನ ಮಾಳಿಗೆಗೆ ಸೋಲಾರ್ ಹಾಕಿಸಿದ್ದು

ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತ ಯಾರಾದರೂ ನನ್ನ ಅಂಗಡಿಗೆ ಬಂದು ಕೇಳಿದರೆ ನಾನು ಮೊದಲು ಬೆಲೆಯ ಮಾತು ಎತ್ತುವುದಿಲ್ಲ. ಕರೆಂಟ್ ಬಿಲ್ ಯಾರ ಹೆಸರಲ್ಲಿ ಬರುತ್ತೆ ಅಂತ ಕೇಳುತ್ತೇನೆ. ಬಂದವರು ನಗುತ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತಾರೆ. ಸಂಬಂಧ ಇದೆ. ನಾನು ಅದನ್ನು ಪಾವಗಡ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಕಲಿತೆ.

ನಾನಿರುವುದು ಮಧುಗಿರಿಯಲ್ಲಿ. ಹಳೇ ಬೋರ್‌ವೆಲ್ ಮೋಟಾರು, ಸ್ಟಾರ್ಟರು, ಕೇಬಲ್ಲು ಕೊಂಡು ರಿಪೇರಿ ಮಾಡಿಸಿ ಮಾರುವ ವ್ಯಾಪಾರ. ಸೈಕಲ್ ಕ್ಯಾರಿಯರ್ ಮೇಲೆ ಸುಟ್ಟ ಮೋಟಾರು ಕಟ್ಟಿಕೊಂಡು ಶುರು ಮಾಡಿದವನು. ಕೊರಟಗೆರೆಯಿಂದ ಶಿರಾವರೆಗೆ ಯಾವ ತೋಟದಲ್ಲಿ ಯಾವ ಮೋಟಾರು ಕೂತಿದೆ ಅಂತ ನನಗೆ ಗೊತ್ತು. ಚೌಕಾಸಿ ನನ್ನ ಹೊಟ್ಟೆಪಾಡು. ಎದುರಿನವನು ಎರಡನೇ ಸಲ ಬೆಲೆ ಹೇಳುವಾಗ ಅವನ ಕಣ್ಣು ಎಲ್ಲಿ ಹೋಗುತ್ತೆ ನೋಡಿದರೆ ಸಾಕು, ಇನ್ನೆಷ್ಟು ಇಳೀತಾನೆ ಅಂತ ಹೇಳಬಲ್ಲೆ. ಆದ್ದರಿಂದ ಅಕ್ಕ ಫೋನ್ ಮಾಡಿ, ನಮ್ಮನೆ ಮೇಲೆ ಸೋಲಾರ್ ಪ್ಲೇಟು ಹಾಕಿಸ್ಬೇಕು ಬಾರೋ ಅಂದಾಗ, ನಾನು ಇದನ್ನೂ ಒಂದು ವ್ಯಾಪಾರ ಅಂತಲೇ ಅಂದುಕೊಂಡು ಬಸ್ ಹತ್ತಿದೆ.

ಅವರ ಊರು ವಳ್ಳೂರಿನ ಆಚೆ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪಾರ್ಕಿನ ಗಾಜು. ಅಕ್ಕನ ಮನೆಯವರ ಹೊಲವೂ ಅದರೊಳಗೇ ಗುತ್ತಿಗೆಗೆ ಹೋಗಿದೆ, ವರ್ಷಕ್ಕೊಮ್ಮೆ ಬಾಡಿಗೆ ಬರುತ್ತೆ. ಹೊರಗಿನವರು, ನಿಮಗೇನಪ್ಪಾ ಕರೆಂಟು ಪುಕ್ಕಟೆ ಇರಬೇಕು ಅಂತಾರೆ. ಅದು ಎತ್ತರದ ತಂತಿಯಲ್ಲಿ ಎಲ್ಲಿಗೋ ಹೋಗುವ ಕರೆಂಟು. ಊರಿನವರ ಮನೆಗೆ ಬರುವುದು ಎಲ್ಲರಿಗೂ ಬರುವ ಲೈನೇ.

ಬಾವ ಒಳಕೋಣೆಯಲ್ಲಿ ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದರು. ಬಾವ ಅಂದರೆ ಅಕ್ಕನ ಗಂಡ. ಹರೆಯದಲ್ಲಿ ಮಧುಗಿರಿ, ಕೊರಟಗೆರೆ ಸುತ್ತಿನ ಕಲ್ಲುಕ್ವಾರಿಗಳಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಮಾಡಿದವರು. ಆ ಬಿಳಿ ಧೂಳೇ ಈಗ ಎದೆಯೊಳಗೆ ಗಟ್ಟಿಯಾಗಿದೆ ಅಂತ ತುಮಕೂರಿನ ಡಾಕ್ಟರು ಹೇಳಿದ್ದರು. ಹಾಸಿಗೆ ಪಕ್ಕದಲ್ಲಿ, ಸಣ್ಣ ಬೀರುವಿನಷ್ಟು ಎತ್ತರಕ್ಕೆ, ಗಾಳಿಯಿಂದ ಆಮ್ಲಜನಕ ತೆಗೆದು ಮೂಗಿನ ನಳಿಗೆಗೆ ಕೊಡುವ ಮಷಿನ್ ಇತ್ತು. ಹಗಲೂ ರಾತ್ರಿ ಹಾಕಿಟ್ಟಿರಬೇಕು ಅಂತ ಡಾಕ್ಟರ ಮಾತು. ನಾನು ಹೋದಾಗ ಅದು ಆರಿತ್ತು. ಅದರ ಮೇಲೆ ಒಂದು ಟವಲ್ ಹೊದಿಸಿತ್ತು.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ವಿಷಯ ಇಷ್ಟು: ಸರ್ಕಾರ ಮನೆಗಳಿಗೆ ಪುಕ್ಕಟೆ ಕೊಡುವ ಕರೆಂಟು ಇನ್ನೂರು ಯೂನಿಟ್ ದಾಟಿದರೆ ಇಲ್ಲ, ಆ ತಿಂಗಳ ಪೂರಾ ಬಿಲ್ ನಾವೇ ಕಟ್ಟಬೇಕು. ಮಷಿನ್ ಹಗಲೂ ರಾತ್ರಿ ಓಡಿದರೆ ಅದೊಂದೇ ಇನ್ನೂರು ದಾಟಿಸುತ್ತೆ. ಮೊದಲ ಬಿಲ್ ಬಂದ ದಿನದಿಂದ ಬಾವ ತಾವೇ ಮಷಿನ್ ಆರಿಸತೊಡಗಿದ್ದರು. ಅವಳು ಹಾಕುವುದು, ಅವಳು ಅಂಗಳಕ್ಕೆ ಹೋದ ಕೂಡಲೇ ಅವರು ತೆಗೆಯುವುದು.

"ತುಟಿ ನೀಲಿ ಆಗಿರ್ತವೆ ಕಣ್ಲಾ. ಯಾಕ್ ಆರಿಸ್ದ್ರಿ ಅಂದ್ರೆ, ಉಸ್ರು ಪುಕ್ಕಟೆ ಇದ್ದಾಗ್ಲೇ ನಾನು ಏನೂ ಕಡೀಲಿಲ್ಲ, ಈಗ ಕಾಸು ಕೊಟ್ಟು ಆಡ್ಸೋದಾ ಅಂತಾರೆ," ಅಂದಳು ಅಕ್ಕ. "ಮೀಟರ್ ಓಡ್ತದೆ ಅನ್ನೋ ಯೋಚ್ನೆ ಅವರ ತಲೆಯಿಂದ ಹೋಗ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ಅದನ್ನು ಕೇಳಿದ ಮೇಲೆ ಇದು ವ್ಯಾಪಾರ ಅನ್ನಿಸಲಿಲ್ಲ.

ಬಿಲ್ಲು ಕೊಡು ಅಂದೆ. ಹೆಸರು ಬಾವನದು. ಮನೆ ಪತ್ರ ತರಿಸಿದೆ. ಮನೆ ಅಕ್ಕನ ಹೆಸರಲ್ಲಿತ್ತು. ಸರ್ಕಾರದ ವಸತಿ ಯೋಜನೆಯಲ್ಲಿ ಬಂದ ಮನೆ, ಹೆಂಗಸರ ಹೆಸರಿಗೇ ಮಂಜೂರು ಮಾಡುತ್ತಾರೆ. ಆಮೇಲೆ ಅದಕ್ಕೆ ಎರಡು ಅಂಕಣ ಸೇರಿಸಿ ಆರ್‌ಸಿಸಿ ಹಾಕಿಸಿಕೊಂಡಿದ್ದರು. ಕರೆಂಟ್ ಲೈನ್ ಎಳೆಸುವಾಗ ಮಾತ್ರ ಆಫೀಸಿಗೆ ಓಡಾಡಿದವರು ಬಾವ, ಆದ್ದರಿಂದ ಅವರ ಹೆಸರು ಬಿತ್ತು. ನಮ್ಮ ಕಡೆ ಬಹಳ ಮನೆಗಳ ಕಥೆ ಹೀಗೇ.

ಇಲ್ಲಿ ನಾನು ಸಿಕ್ಕಿಕೊಂಡೆ. ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಸಬ್ಸಿಡಿಗೆ ಅರ್ಜಿ ಹಾಕುವವರು ಕರೆಂಟ್ ಬಿಲ್ಲಿನಲ್ಲಿ ಹೆಸರಿರುವವರೇ ಆಗಿರಬೇಕು. ಮಾಳಿಗೆಯ ಹಕ್ಕು ಅವರದಾಗಿರಬೇಕು. ಕೊನೆಗೆ ಸಬ್ಸಿಡಿ ಬೀಳುವುದೂ ಅವರ ಹೆಸರಿನ ಬ್ಯಾಂಕ್ ಖಾತೆಗೇ. ಅರ್ಜಿಯಿಂದ ದುಡ್ಡು ಬರುವತನಕ ತಿಂಗಳುಗಳೇ ಹಿಡಿಯಬಹುದು. ನಡುವೆ ಆ ಮನುಷ್ಯನಿಗೆ ಏನಾದರೂ ಆದರೆ ಎಲ್ಲಾ ಅಲ್ಲೇ ನಿಲ್ಲುತ್ತೆ. ವಾರಸುದಾರರ ಕಾಗದ ಹಿಡಿದು ಅಕ್ಕ ಅಲೆಯಬೇಕಾಗುತ್ತೆ. ಬುದ್ಧಿ ಹೇಳುವುದೇನೋ ಇಷ್ಟೇ, ಮೊದಲು ಮೀಟರನ್ನು ಅಕ್ಕನ ಹೆಸರಿಗೆ ಮಾಡಿಸಬೇಕು. ಆದರೆ ಬದುಕಿರುವ ಗಂಡಸಿನ ಮುಂದೆ ಕೂತು, ಅದೂ ಹಾಸಿಗೆ ಹಿಡಿದವನ ಮುಂದೆ, ನಿನ್ನ ಹೆಸರು ತೆಗೆಸೋಣ ಅನ್ನುವುದು ಹೇಗೆ? ಯಾರಿಗೂ ಹೆದರದೆ ಅರ್ಧ ಬೆಲೆ ಕೇಳುವ ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಊಟ ಮಾಡಿದೆ, ಎಲೆ ಅಡಿಕೆ ಹಾಕಿಕೊಂಡೆ, ಮಳೆ ಬೆಳೆ ಮಾತಾಡಿದೆ.

ಬಾವನೇ ಕೇಳಿದರು. ಅವರ ಮನೆಮಾತು ತೆಲುಗು ಬೆರೆತದ್ದು, ಮಾತಿಗೆ ಉಸಿರು ಸಾಲದೆ ತುಂಡು ತುಂಡಾಗಿ ಬರುತ್ತಿತ್ತು.

"ಏಮಿ ಬಾಮೈದ, ಬಿಲ್ಲು ಹಿಡ್ಕೊಂಡು ಹೆಂಡ್ತಿ ಓಡೋದೋನ ಥರ ಕೂತಿದೀಯ?"

ಹೆಸರಿನ ಮಾತು ಅಂದೆ. ಅಷ್ಟಕ್ಕೇ ಅವರಿಗೆ ಪೂರ್ತಿ ಅರ್ಥವಾಯಿತು.

"ನಿಮ್ಮಕ್ಕನ ಹೆಸರಿಗೆ ಮಾಡ್ಸು. ಮನೆ ಅವಳದು. ನಾನು ಇಷ್ಟು ವರ್ಷ ಅವಳ ಮನೇಲಿ ಬಾಡಿಗೆ ಇಲ್ದೆ ಇದ್ದೋನು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡು ಮತ್ತೆ, "ಸತ್ತ ಮೇಲೆ ಮಾಡ್ಸೋದು ಕಷ್ಟ ಕಣಯ್ಯಾ. ಈಗಾದ್ರೆ ನಾನೇ ರುಜು ಹಾಕ್ತೀನಿ."

ಅಕ್ಕ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿಬಿಟ್ಟಳು. ಒಲೆ ಮುಂದೆ ಪಾತ್ರೆಯ ಸದ್ದು ಬಹಳ ಹೊತ್ತು ಕೇಳಿತು.

ಮನೆಪತ್ರ, ಬಾವನ ಒಪ್ಪಿಗೆ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ಇಬ್ಬರ ಗುರುತಿನ ಚೀಟಿ ಇಟ್ಟು ಕರೆಂಟ್ ಆಫೀಸಿನಲ್ಲಿ ಹೆಸರು ಬದಲಾಯಿಸಿದೆವು. ಅವರ ಮಂಜೂರಾದ ಲೋಡು ಒಂದೇ ಕಿಲೋವ್ಯಾಟ್ ಇತ್ತು, ಹಾಕಿಸುವ ಸೋಲಾರ್ ಮೂರು ಕಿಲೋವ್ಯಾಟಿನದು, ಅದಕ್ಕೆ ತಕ್ಕಂತೆ ಲೋಡನ್ನೂ ಮೂರಕ್ಕೆ ಏರಿಸಲು ಆಗಲೇ ಬರೆದುಕೊಟ್ಟೆವು. ಲೋಡು ಏರಿದರೆ ತಿಂಗಳ ನಿಗದಿ ಶುಲ್ಕವೂ ಏರುತ್ತೆ, ಸೋಲಾರ್ ಎಷ್ಟೇ ಕೊಟ್ಟರೂ ಅದು ತಪ್ಪುವುದಿಲ್ಲ. ಬಿಲ್ ಸೊನ್ನೆ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಅಕ್ಕನಿಗೆ ಮೊದಲೇ ಇದನ್ನು ಹೇಳಿಟ್ಟೆ, ಇಲ್ಲದಿದ್ದರೆ ಆ ಚಿಲ್ಲರೆ ಬಿಲ್ಲಿಗೂ ಬಾವ ಮಷಿನ್ ಆರಿಸುವವರೇ.

ಅಕ್ಕನ ಹೆಸರಲ್ಲಿ ಬಿಲ್ ಬಂದ ಮೇಲೆ ಕೇಂದ್ರದ ಪೋರ್ಟಲ್‌ನಲ್ಲಿ ಅವಳ ಫೋನ್ ನಂಬರು, ಬಿಲ್ಲಿನ ಗ್ರಾಹಕ ಸಂಖ್ಯೆ ಹಾಕಿ ಅರ್ಜಿ ಹಾಕಿಸಿದೆ. ಇಷ್ಟು ಚಿಕ್ಕ ಸೋಲಾರ್‌ಗೆ ತಾಂತ್ರಿಕ ಒಪ್ಪಿಗೆ ತಡವಾಗುವುದಿಲ್ಲ, ಬಂದುಬಿಟ್ಟಿತು. ಇನ್ನು ಹಾಕುವವರನ್ನು ಹುಡುಕಬೇಕು.

ಇಲ್ಲಿ ನನ್ನ ವ್ಯಾಪಾರದ ಬುದ್ಧಿ ಒಂದು ಗಳಿಗೆ ದಾರಿ ತಪ್ಪುವುದರಲ್ಲಿತ್ತು. ಶಿರಾದಲ್ಲಿ ಒಬ್ಬ, ಎಲ್ಲರಿಗಿಂತ ಬಹಳ ಕಡಿಮೆಗೆ ಹಾಕಿಕೊಡ್ತೀನಿ, ಸಬ್ಸಿಡಿ ಕೂಡ ನಾನೇ ತರಿಸಿಕೊಡ್ತೀನಿ ಅಂದ. ನಾನು ಅವನನ್ನು ಇನ್ನೂ ಇಳಿಸಿದೆ. ಅವನು ಇಳಿದ. ಅವನು ಅಷ್ಟು ಸುಲಭಕ್ಕೆ ಇಳಿದದ್ದೇ ನನಗೆ ಅನುಮಾನ ತಂದಿತು. ಹಳೇ ಮೋಟಾರಿನಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿದವನು ಮಾತ್ರ ಹಾಗೆ ಇಳಿಯುತ್ತಾನೆ. ಪ್ಲೇಟು ಎಲ್ಲಿಯದು, ಅದರೊಳಗಿನ ಸೆಲ್ ಎಲ್ಲಿಯದು ಅಂತ ಕೇಳಿದೆ. ಪ್ಲೇಟು ಇಲ್ಲೇ ಜೋಡಿಸಿದ್ದು ಅಂದ, ಸೆಲ್ಲಿನ ಮಾತು ಬಂದಾಗ ಚಹಾ ತರಿಸಿದ. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಲೇಟೂ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಪೋರ್ಟಲ್‌ನ ಪಟ್ಟಿಯಲ್ಲಿ ಅವನ ಹೆಸರೂ ಇರಲಿಲ್ಲ. ಚಹಾ ಕುಡಿದು ಕಾಸು ಕೊಟ್ಟು ಎದ್ದೆ.

ಪಟ್ಟಿಯಲ್ಲಿದ್ದ ಮೂವರಿಂದ ಬೆಲೆ ತರಿಸಿ ಒಬ್ಬನನ್ನು ಗೊತ್ತು ಮಾಡಿದೆ. ಅವನೊಂದಿಗೆ ಬೆಲೆ ಬಹಳ ಜಗ್ಗಲಿಲ್ಲ. ಬೆಲೆ ಜಗ್ಗಿದರೆ ಅವನು ಕಂಬಿಯಲ್ಲಿ, ತಂತಿಯಲ್ಲಿ ಕಡಿಮೆ ಮಾಡಿಕೊಳ್ಳುತ್ತಾನೆ. ಅದರ ಬದಲು ಕೇಳಬೇಕಾದದ್ದು ಬೇರೆ. ಅರ್ಥಿಂಗ್ ಗುಂಡಿ ಸರಿಯಾಗಿ ತೆಗೀಬೇಕು. ಸಿಡಿಲಿಗೆ ತಡೆ ಹಾಕಬೇಕು. ನಮ್ಮ ಕಡೆಯ ಗಾಳಿಗೆ ತಡೆಯುವಂತೆ ಸ್ಟ್ಯಾಂಡಿನ ಕಾಲನ್ನು ಕಾಂಕ್ರೀಟಲ್ಲಿ ಕೂರಿಸಬೇಕು. ಐದು ವರ್ಷದ ನಿಗಾ ಯೋಜನೆಯಲ್ಲೇ ಇದೆ, ಅದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಕೊನೆಯ ಕಂತು ಮೀಟರ್ ಬದಲಾಗಿ ಚಾಲೂ ಆದ ಮೇಲೇ. ಅವನು ಗೊಣಗಿದ, ಒಪ್ಪಿದ. ಬ್ಯಾಂಕಿನಲ್ಲಿ ಇದಕ್ಕೇ ಕಡಿಮೆ ಬಡ್ಡಿಯ ಸಾಲವೂ ಸಿಗುತ್ತೆ, ಆದರೆ ಆ ವರ್ಷದ ಹೊಲದ ಬಾಡಿಗೆ ಬಂದಿತ್ತು, ಅಕ್ಕ ಅದರಲ್ಲೇ ಕಟ್ಟಿದಳು. ಸಬ್ಸಿಡಿಯನ್ನು ಬೆಲೆಯಲ್ಲಿ ಕಳೆದು ಕೊಡುವುದಿಲ್ಲ. ಮೊದಲು ಪೂರ್ತಿ ನಾವು ಹಾಕಬೇಕು, ಆಮೇಲೆ ವಾಪಸ್ ಬರುವುದು. ಮೂರು ಕಿಲೋವ್ಯಾಟಿಗೆ ಎಪ್ಪತ್ತೆಂಟು ಸಾವಿರ, ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ.

ಇನ್ನೊಂದು ಮಾತನ್ನು ನಾನು ಆ ಗುತ್ತಿಗೆದಾರನಿಂದಲೇ ಅಕ್ಕನಿಗೆ ಹೇಳಿಸಿದೆ. ಈ ಥರದ ಸೋಲಾರ್, ಬ್ಯಾಟರಿ ಇಲ್ಲದ್ದು, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಎಷ್ಟೇ ಬಿಸಿಲಿದ್ದರೂ ಅಷ್ಟೇ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯಬಾರದಲ್ಲ. ಅಕ್ಕ, ಆಕ್ಸಿಜನ್ ಸಿಲಿಂಡರ್ ಮೂಲೇಲಿ ಇದೆ, ಲೈನ್ ಹೋದಾಗ ಅದನ್ನೇ ಹಚ್ತೀನಿ ಅಂದಳು. ಅವಳು ಅದಕ್ಕೆ ಆಗಲೇ ಪಳಗಿದ್ದಳು.

ಕೆಲಸದವರು ಬಂದು ಪ್ಲೇಟು ಏರಿಸಿದರು. ಬಾವನಿಗೆ ಮೆಟ್ಟಿಲು ಹತ್ತಲಾಗದು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಮಾಳಿಗೆ ಮೇಲೆ ಬಂಡೆ ಕೊರೆಯುವವರ ಹಾಗೆ ಡ್ರಿಲ್ಲು ಹಿಡಿದವನನ್ನೇ ನೋಡುತ್ತಿದ್ದರಂತೆ. ಬಾಯಿಗೆ ಬಟ್ಟೆ ಕಟ್ಕೊಳ್ಳಪ್ಪಾ ಅಂತ ಒಂದೇ ಒಂದು ಮಾತು ಹೇಳಿದರಂತೆ. ಪ್ಲೇಟಿನ ಕರೆಂಟನ್ನು ಮನೆಗೆ ಬೇಕಾದ ಕರೆಂಟು ಮಾಡಿ ಲೈನಿಗೆ ಸೇರಿಸುವ ಇನ್ವರ್ಟರ್ ಪೆಟ್ಟಿಗೆ ಗೋಡೆಗೆ ಕೂತಿತು. ಹೋಗುವಾಗ ಕೆಲಸದವರು ಅದರ ಸ್ವಿಚ್ಚು ಕೆಳಗೆ ಮಾಡಿ, ಮೀಟರ್ ಬದಲಾಗೋವರೆಗೂ ಇದನ್ನ ಎತ್ತಬೇಡಿ ಅಮ್ಮಾ ಅಂತ ಹೇಳಿ ಹೋದರು.

ಗುತ್ತಿಗೆದಾರ ಪ್ಲೇಟಿನ ನಂಬರು, ಮಾಳಿಗೆಯ ಮೇಲೆ ಅಕ್ಕನನ್ನು ನಿಲ್ಲಿಸಿ ತೆಗೆದ ಫೋಟೋ ಎಲ್ಲಾ ಪೋರ್ಟಲ್‌ಗೆ ಏರಿಸಿದ. ಹೊಸ ಮೀಟರಿಗೆ ಅರ್ಜಿ ಹೋಯಿತು, ಛಾಪಾ ಕಾಗದದ ಮೇಲೆ ಕರೆಂಟ್ ಕಂಪನಿಯ ಜೊತೆ ಒಪ್ಪಂದವೂ ಆಯಿತು. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಬೇರೆ ಬೇರೆ ಎಣಿಸುವ ಮೀಟರ್ ಅದು. ಅದನ್ನು ಪರೀಕ್ಷೆಯ ಲ್ಯಾಬಿನಲ್ಲಿ ನೋಡಿ ಮುದ್ರೆ ಹಾಕಿ ಕೊಡಬೇಕು. ಅಲ್ಲಿ ಸಾಲು ಇತ್ತು. ನಾನು ಹೋಗಿ ನನಗೆ ಗೊತ್ತಿರುವ ರೀತಿಯಲ್ಲೆಲ್ಲಾ ಮಾತಾಡಿ ನೋಡಿದೆ. ಅಲ್ಲಿಯ ಮನುಷ್ಯ ಸಮಾಧಾನವಾಗಿ, ನಿಮ್ಮ ಮುಂದಿರೋರಿಗೂ ಒಂದೊಂದು ಕಾರಣ ಇದೆ ಸ್ವಾಮಿ ಅಂದ. ಅವನ ಕಣ್ಣು ಎಲ್ಲಿಗೂ ಹೋಗಲಿಲ್ಲ. ಹಿಂತಿರುಗಿದೆ.

ಆ ಸಾಲು ಕರಗುವ ಮುಂಚೆ ಅಕ್ಕನ ಫೋನ್ ಬಂತು. ಧ್ವನಿ ಸರಿ ಇರಲಿಲ್ಲ. ಬಿಲ್ ಬಂದಿದೆ, ಯಾವತ್ತೂ ಬಾರದಷ್ಟು ಬಂದಿದೆ ಅಂದಳು. ಬಾವ ಮಷಿನ್ ಮುಟ್ಟಲು ಬಿಡುತ್ತಿಲ್ಲ. ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಮಾರನೆಯ ದಿನ ಅಂಗಡಿ ಮುಚ್ಚಿ ಹೋದೆ. ಏನಾಗಿತ್ತು ಅಂದರೆ, ಅಕ್ಕ ಸ್ವಿಚ್ಚು ಎತ್ತಿದ್ದಳು. ಕೆಲಸದವರು ಹೇಳಿದ್ದು ಮರೆತೇನೂ ಅಲ್ಲ. ಬೆಳಗಿನಿಂದ ಸಂಜೆವರೆಗೆ ಆ ಬಿಸಿಲು ಪ್ಲೇಟಿನ ಮೇಲೆ ಬಿದ್ದು ಸುಮ್ಮನೆ ಹೋಗುವುದನ್ನು ಅವಳಿಗೆ ನೋಡಲಾಗಲಿಲ್ಲ. ನಮ್ಮಲ್ಲಿ ಕೊಯ್ದ ಕಾಳನ್ನು ಕಣದಲ್ಲಿ ಬಿಟ್ಟು ಬರುವ ಹೆಂಗಸು ಯಾರಿದ್ದಾರೆ? ಮೀಟರ್ ಬರೋದು ಬರಲಿ, ಅಲ್ಲೀವರೆಗೆ ಹಗಲಾದರೂ ಅವರು ಬಿಸಿಲಿನ ಕರೆಂಟಲ್ಲಿ ಉಸಿರಾಡಲಿ ಅಂತ ದಿನಾ ಬೆಳಗ್ಗೆ ಎತ್ತಿ ಸಂಜೆ ಇಳಿಸಿದ್ದಳು. ಸೋಲಾರ್ ಚಾಲೂ ಆಯ್ತು ಅಂತ ಬಾವನಿಗೂ ಹೇಳಿದ್ದಳು. ಬಾವ ನಂಬಿ, ಅಷ್ಟು ದಿನ ಹಗಲೆಲ್ಲಾ ಮಷಿನ್ ಹಾಕಿಸಿಕೊಂಡಿದ್ದರು.

ಆದರೆ ಗೋಡೆಯ ಮೇಲಿದ್ದದ್ದು ಹಳೇ ಮೀಟರ್. ಆ ಮೀಟರಿಗೆ ಒಳಗೆ ಬಂದದ್ದೋ ಹೊರಗೆ ಹೋದದ್ದೋ ಗೊತ್ತಾಗುವುದಿಲ್ಲ. ಯಾವ ಕಡೆ ಹರಿದರೂ ಮನೆಯವರು ಬಳಸಿದ್ದು ಅಂತಲೇ ಕೂಡುತ್ತೆ. ಮಷಿನ್ನಿಗೆ ಬೇಕಾದದ್ದು ಸ್ವಲ್ಪ, ಪ್ಲೇಟು ಕೊಟ್ಟದ್ದು ಬಹಳ. ಮಿಕ್ಕಿ ಲೈನಿಗೆ ಹೋದ ಅಷ್ಟನ್ನೂ ಅದು ಅಕ್ಕನ ಲೆಕ್ಕಕ್ಕೇ ಬರೆದಿತ್ತು. ಬಿಸಿಲು ಜೋರಾದಷ್ಟೂ ಬಿಲ್ ಜೋರು.

ನಾನು ಇದನ್ನು ಬಾವನಿಗೆ ಬಿಡಿಸಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೈಬೆರಳ ತುದಿ ಬೂದಿ ಬಣ್ಣವಾಗಿತ್ತು.

"ನೀನು ಮೋಟಾರ್ ಮಾರೋನು," ಅಂದರು. "ಮಾತಲ್ಲಿ ನೀರು ತೆಗೀತೀಯ. ನಮ್ಮ ಹೊಲದ ತುಂಬ ಅದೇ ಪ್ಲೇಟು. ನನಗೆ ಯಾವತ್ತು ಅದು ಕರೆಂಟು ಕೊಡ್ತು? ಬುಡು."

ಅಕ್ಕ ಅಲ್ಲೇ ಕೂತಿದ್ದಳು. ಬಾವ ಅವಳನ್ನು ಬೈದೂ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಗಿತ್ತು ಅಂತ ಕಾಣುತ್ತೆ.

ನಾನು ಅವತ್ತೇ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದೆ. ಅಲ್ಲಿ ಇಂಜಿನಿಯರ್ ಒಬ್ಬ ಹೆಣ್ಣುಮಗಳು, ವಯಸ್ಸು ಚಿಕ್ಕದು. ಒಂದು ಹೆದರಿಕೆಯೂ ಇತ್ತು: ಅಪ್ಪಣೆ ಇಲ್ಲದೆ ಸೋಲಾರನ್ನು ಲೈನಿಗೆ ಸೇರಿಸುವುದು ತಪ್ಪು. ಮುಚ್ಚಿಟ್ಟು ಮಾತಾಡಬಹುದಿತ್ತು. ಆದರೆ ಬಿಲ್ ನೋಡಿದರೆ ಅವರಿಗೆ ತಿಳಿಯದೇ ಇರುತ್ತದೆಯೇ? ನೇರ ಹೇಳಿಬಿಟ್ಟೆ. ಮನೆಯಲ್ಲಿರುವ ಮಷಿನ್ನಿನ ವಿಷಯವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಲೈನ್‌ಮನ್ ಕೆಲಸ ಮಾಡ್ತಿದ್ದಾಗ ಏನಾದರೂ ಆಗಿದ್ದರೆ ಅಂತ ಕೇಳಿದರು. ಬಂದ ಬಿಲ್ ಕಟ್ಟಬೇಕು, ಅದರಲ್ಲಿ ನಾನು ಏನೂ ಮಾಡೋಕಾಗಲ್ಲ, ಸ್ವಿಚ್ಚಿಗೆ ಇನ್ನು ಯಾರೂ ಕೈ ಹಾಕಬಾರದು ಅಂದರು. ಮೀಟರ್ ಲ್ಯಾಬಿನಿಂದ ಬಂದ ದಿನವೇ ನಾನೇ ಬರ್ತೀನಿ ಅಂತಲೂ ಅಂದರು.

ಬಿಲ್ಲನ್ನು ನಾನೇ ಕಟ್ಟಿದೆ. ಆ ಮಾತು ಮನೆಯಲ್ಲಿ ಎತ್ತಲಿಲ್ಲ.

ಆ ನಡುವಿನ ದಿನಗಳನ್ನು ಅಕ್ಕ ಹೇಗೆ ಕಳೆದಳೋ. ಬಾವ ನಿದ್ದೆ ಹೋದಾಗ ಮೆಲ್ಲಗೆ ಮಷಿನ್ ಹಚ್ಚಿ ನಳಿಗೆ ಮೂಗಿಗೆ ಇಡುವಳಂತೆ. ಎಚ್ಚರವಾದ ಕೂಡಲೇ ಅವರು ಅದನ್ನು ಕಿತ್ತು ಪಕ್ಕಕ್ಕೆ ಇಡುವರಂತೆ. ಹಗಲೆಲ್ಲಾ ಇಬ್ಬರೂ ಅದರ ಬಗ್ಗೆ ಮಾತೇ ಆಡದೆ ಇದೇ ಕೆಲಸ. ಒಮ್ಮೆ ಪಾವಗಡದ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು. ಅಲ್ಲಿಂದ ಬಂದ ಮೇಲೂ ಅವರು ಬದಲಾಗಲಿಲ್ಲ.

ಇಂಜಿನಿಯರಮ್ಮ ಹೇಳಿದ ಹಾಗೇ ಬಂದರು. ಗುತ್ತಿಗೆದಾರನೂ ಬಂದ, ನಾನೂ ಹೋಗಿದ್ದೆ. ಮಾಳಿಗೆ ಹತ್ತಿ ಪ್ಲೇಟಿನ ನಂಬರುಗಳನ್ನು ಒಂದೊಂದೇ ತಾಳೆ ನೋಡಿದರು, ಅರ್ಥಿಂಗ್ ನೋಡಿದರು. ಹಳೇ ಮೀಟರ್ ಬಿಚ್ಚಿ ಹೊಸದು ಕೂರಿಸಿದರು. ಆಮೇಲೆ ಸ್ವಿಚ್ಚು ಎತ್ತಿಸಿದರು. ಮೇನ್ ಆರಿಸಿ, ಇನ್ವರ್ಟರ್ ತಾನಾಗಿ ನಿಲ್ಲುತ್ತದೋ ಇಲ್ಲವೋ ನೋಡಿದರು. ನಿಂತಿತು. ಮತ್ತೆ ಹಾಕಿಸಿದರು. ಕೈ ಒರೆಸಿಕೊಳ್ಳುತ್ತಾ ಕುಡಿಯಲು ನೀರು ಕೇಳಿ ಒಳಗೆ ಬಂದವರು ಬಾವನ ಕೋಣೆಯ ಬಾಗಿಲಲ್ಲಿ ನಿಂತರು. ಟವಲ್ ಹೊದ್ದ ಮಷಿನ್ ನೋಡಿದರು.

"ಯಜಮಾನ್ರೇ, ಇದು ಯಾಕೆ ಆಫ್ ಆಗಿದೆ?"

"ಮೀಟರ್ ಓಡ್ತದಮ್ಮಾ," ಅಂದರು ಬಾವ.

ಇಂಜಿನಿಯರಮ್ಮ ಅಕ್ಕನ ಕಡೆ ತಿರುಗಿ ಮಷಿನ್ ಹಾಕಮ್ಮ ಅಂದರು. ಆಮೇಲೆ ನಾನೂ ಅಕ್ಕನೂ ಬಾವನನ್ನು ಹಿಡಿದು, ನಳಿಗೆ ಸಮೇತ, ಅದರ ಉದ್ದ ಸಾಲುವಷ್ಟು ದೂರ ತಂದು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದೆವು. ಅಲ್ಲಿಂದ ಗೋಡೆಯ ಮೀಟರ್ ಕಾಣುತ್ತಿತ್ತು. ಇಂಜಿನಿಯರಮ್ಮ ಅದರ ಗುಂಡಿ ಒತ್ತಿದರು.

"ಇದು ಒಳಗೆ ಬಂದಿದ್ದು. ನೋಡಿ, ನಿಂತಿದೆ. ಇದು ನಿಮ್ಮನೆಯಿಂದ ಹೊರಗೆ ಹೋಗ್ತಿರೋದು. ನಿಮ್ಮ ಮಷಿನ್ ಓಡ್ತಾ ಇದೆ, ಫ್ಯಾನ್ ಓಡ್ತಾ ಇದೆ. ಆದ್ರೂ ಹೊರಗೇ ಹೋಗ್ತಿದೆ."

ಬಾವ ಮುಂದಕ್ಕೆ ಬಾಗಿ ನೋಡಿದರು. ಅಂಕಿ ಒಂದು ಸ್ವಲ್ಪ ಏರಿತು. ಮತ್ತೆ ಬಹಳ ಹೊತ್ತು ಕಾದರು. ಯಾರೂ ಅವಸರ ಮಾಡಲಿಲ್ಲ. ಮತ್ತೆ ಏರಿತು. ಒಳಗಿನ ಅಂಕಿಯನ್ನು ಇನ್ನೊಮ್ಮೆ ತೋರಿಸಿ ಅಂದರು. ಅದು ಹಾಗೇ ಇತ್ತು.

"ಹೊತ್ತು ಮುಳುಗಿದ ಮ್ಯಾಲೆ?"

"ಹೊತ್ತು ಮುಳುಗಿದ ಮೇಲೆ ಲೈನಿಂದ ತಗೊಳ್ತೀರಿ. ಹಗಲು ನೀವು ಕೊಟ್ಟಿರ್ತೀರಲ್ಲ, ತಿಂಗಳ ಕೊನೆಗೆ ತಗೊಂಡಿದ್ದರಲ್ಲಿ ಅದನ್ನ ಕಳೀತೀವಿ. ಕಳೆದು ಮಿಕ್ಕಿದ್ದಕ್ಕೆ ಮಾತ್ರ ಬಿಲ್ಲು."

"ನಾನೇ ಹೆಚ್ಚು ಕೊಟ್ಟಿದ್ರೆ?"

"ಅದಕ್ಕೊಂದು ದರ ಇದೆ, ಜಾಸ್ತಿ ಏನಲ್ಲ. ನಾವು ಕೊಡಬೇಕು ನಿಮಗೆ."

"ಅಂದ್ರೆ ನಾನು ಬಾಯಿ ಮುಚ್ಕೊಂಡು ಉಸ್ರಾಡ್ತಾ ಇದ್ರೆ ನಿಮ್ಮ ಕಂಪ್ನಿ ನನಗೆ ಸಾಲಗಾರ," ಅಂದರು ಬಾವ. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅಕ್ಕನನ್ನು ನೋಡಿ, "ಇವಳು ಮೊದ್ಲೇ ಎತ್ತಿದ್ದು ಇದಕ್ಕೇ ಅಲ್ವೇ? ಅವಸರಕ್ಕೆ ಹುಟ್ಟಿದೋಳು."

ಅಷ್ಟು ದಿನದಲ್ಲಿ ಅವರು ಆ ವಿಷಯ ಎತ್ತಿದ್ದು ಅದೊಂದೇ ಸಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಚಾಲೂ ಆದ ಪತ್ರ ಪೋರ್ಟಲ್‌ನಲ್ಲಿ ಬಂತು. ಆಗ ಅಕ್ಕನ ಬ್ಯಾಂಕ್ ಖಾತೆಯ ವಿವರ, ರದ್ದು ಮಾಡಿದ ಚೆಕ್ಕಿನ ಪ್ರತಿ ಏರಿಸಿ ಸಬ್ಸಿಡಿ ಕೇಳಿದೆವು. ಗುತ್ತಿಗೆದಾರನ ಕೊನೆಯ ಕಂತು ಅವನ ಕೈಗೆ ಕೊಟ್ಟೆ. ಅಂಗಡಿಗೆ ಬಂದವರಿಗೆ ಇಲ್ಲಿ ನಾನು ಹೇಳುವುದು ಇಷ್ಟೇ: ಚಾಲೂ ಆದ ಮೇಲೆ ಸಬ್ಸಿಡಿ ತಾನಾಗಿ ಬರುತ್ತೆ ಅಂತ ಕೂರಬೇಡಿ, ಖಾತೆಯ ವಿವರ ಕೊಡುವ ಮೆಟ್ಟಿಲು ಒಂದು ಬಾಕಿ ಇರುತ್ತೆ. ಅದನ್ನು ಮರೆತು ತಿಂಗಳುಗಟ್ಟಲೆ ಕಾಯುವವರನ್ನು ಕಂಡಿದ್ದೇನೆ.

ಆದರೆ ನಾನು ಕಾಯುತ್ತಿದ್ದದ್ದು ಬೇರೆ ಸುದ್ದಿಗೆ. ಮಾರನೆಯ ಬೆಳಗ್ಗೆ ಅಕ್ಕ ಫೋನ್ ಮಾಡಿದಳು.

"ರಾತ್ರಿ ಆರಿಸ್ಲಿಲ್ಲ ಕಣ್ಲಾ," ಅಂದಳು. "ನಾನು ಮಲಗ್ಬುಟ್ಟಿದ್ದೆ. ಬೆಳಕಾದಾಗ ಎದ್ದು ನೋಡಿದ್ರೆ ಹಾಗೇ ಓಡ್ತಿತ್ತು."

ಹೆಂಗಿದಾರೆ ಅಂದೆ. ರಾಗಿ ಗಂಜಿ ಕೇಳಿ ಇಸ್ಕೊಂಡು ಕುಡಿದರು ಅಂದಳು. ಫೋನ್ ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಶಟರ್ ಎತ್ತಲಿಲ್ಲ.

ತಿಂಗಳೊಳಗೆ ಸಬ್ಸಿಡಿ ಅಕ್ಕನ ಖಾತೆಗೆ ಬಿತ್ತು. ಮೊಬೈಲಿಗೆ ಬಂದ ಸುದ್ದಿಯನ್ನು ಅವಳು ಬಾವನಿಗೆ ಓದಿ ಹೇಳಿದಳು. ಯಾರ ಹೆಸರಿಗೆ ಅಂತ ಅವರು ಕೇಳಲಿಲ್ಲ. ಆ ಬಿಲ್ ಕಟ್ಟಿದ್ದು ನಿನ್ನ ತಮ್ಮ, ಮೊದಲು ಅವನ ದುಡ್ಡು ಕೊಡು ಅಂದರಂತೆ. ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ ಈಗಲೂ ಗೊತ್ತಿಲ್ಲ. ಚೌಕಾಸಿ ಮಾಡದೆ ತೆಗೆದುಕೊಂಡೆ.

ಬಾವ ಆ ಬೇಸಿಗೆ ಕಳೆದರು, ಮಳೆಗಾಲವನ್ನೂ ಕಂಡರು. ಮೋಡ ಕವಿದ ದಿನಗಳಲ್ಲಿ ಪ್ಲೇಟು ಕಡಿಮೆ ಕೊಟ್ಟಾಗಲೂ ಮಷಿನ್ ಆರಿಸಲಿಲ್ಲ. ನಾಳೆ ಬಿಸಿಲು ಬರ್ತದೆ ಬುಡು, ಕಂಪ್ನಿ ಹತ್ರ ನಂದು ಜಮೆ ಇದೆ ಅನ್ನುತ್ತಿದ್ದರಂತೆ. ಸಂಜೆ ಹೊತ್ತು ಮೀಟರ್ ಓದಿ ಹೇಳುವುದು ಅಕ್ಕನ ಕೆಲಸವಾಗಿತ್ತು. ಚಳಿ ಶುರುವಾಗುವಾಗ ಒಂದು ಬೆಳಗಿನ ಜಾವ ಹೋದರು. ನಳಿಗೆ ಮೂಗಿನಲ್ಲೇ ಇತ್ತು, ಮಷಿನ್ ಓಡುತ್ತಲೇ ಇತ್ತು. ಅದನ್ನು ಆರಿಸಿದ್ದು ಅಕ್ಕ.

ಅದಾದ ಮೇಲಿನ ಬಿಲ್ ಬಂದಾಗ ನಾನು ಅಲ್ಲೇ ಇದ್ದೆ. ಒಳಗೆ ಬಂದ ಅಂಕಿ ಎಷ್ಟೋ ಕೆಳಗೆ ಇಳಿದಿತ್ತು, ಹೊರಗೆ ಹೋದದ್ದು ಯಾವ ತಿಂಗಳಿಗಿಂತಲೂ ಹೆಚ್ಚಿತ್ತು. ಬಿಸಿಲು ಏನೂ ಹೆಚ್ಚು ಬಿದ್ದಿರಲಿಲ್ಲ. ಅಕ್ಕ ಬಿಲ್ಲನ್ನು ಎರಡು ಸಲ ನೋಡಿದಳು.

"ಇಷ್ಟೊಂದು ಅವರ ಉಸ್ರಿಗೇ ಹೋಗ್ತಿತ್ತೇನೋ," ಅಂದಳು.

ಹೂಂ ಅಂದೆ.

"ಹೋಗ್ಲಿ," ಅಂದಳು. ಆಮೇಲೆ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು, ಬಟ್ಟೆ ಹೆಗಲಿಗೆ ಹಾಕಿಕೊಂಡು, ಪ್ಲೇಟಿನ ಮೇಲಿನ ಧೂಳು ಒರೆಸಲು ಮಾಳಿಗೆ ಹತ್ತಿದಳು.